ಹಿಮರೇಖೆಯ ಈಚೆ ಕಲ್ಲು, ಆಚೆ ಅನಿಲ

ಶಾಲೆಯ ಗೋಡೆಯ ಮೇಲಿದ್ದ ಸೌರಮಂಡಲದ ಪಟ ಎಲ್ಲರಿಗೂ ನೆನಪಿರುತ್ತದೆ. ಸೂರ್ಯನ ಮಗ್ಗುಲಲ್ಲೇ ಬುಧ, ಶುಕ್ರ, ಭೂಮಿ, ಮಂಗಳ ಎಂಬ ನಾಲ್ಕು ಪುಟ್ಟ ಕಲ್ಲುಂಡೆಗಳು. ಅವುಗಳಿಂದ ಬಹು ದೂರದಲ್ಲಿ ಗುರು, ಶನಿ, ಯುರೇನಸ್, ನೆಪ್ಚೂನ್ ಎಂಬ ದೈತ್ಯರು. ಹೀಗೆ ಒಳಗೆ ಕಲ್ಲು, ಹೊರಗೆ ಅನಿಲ ಎಂದು ಪಾಲಾದದ್ದು ಹೇಗೆ ಎಂದು ಕೇಳಿದರೆ ಓದಿದವರೂ ಥಟ್ಟನೆ ಕೊಡುವ ಉತ್ತರ ಒಂದಿದೆ: ಭಾರವಾದ ಕಲ್ಲು ಕಬ್ಬಿಣವೆಲ್ಲ ಸೂರ್ಯನ ಸೆಳೆತಕ್ಕೆ ಸಿಕ್ಕಿ ಹತ್ತಿರ ಬಂತು, ಹಗುರವಾದ ಅನಿಲ ದೂರ ಹಾರಿತು. ಕೇಳುವುದಕ್ಕೆ ಸರಿಯೆನ್ನಿಸುತ್ತದೆ, ಆದರೆ ತಪ್ಪು. ಗುರುತ್ವಕ್ಕೆ ಭಾರ-ಹಗುರ ಎಂಬ ಪಕ್ಷಪಾತವಿಲ್ಲ. ಒಂದೇ ದೂರದಲ್ಲಿರುವ ಕಬ್ಬಿಣದ ಚೂರನ್ನೂ ಹೈಡ್ರೋಜನ್ ಅಣುವನ್ನೂ ಸೂರ್ಯ ಒಂದೇ ವೇಗೋತ್ಕರ್ಷದಲ್ಲಿ ಸೆಳೆಯುತ್ತಾನೆ. ಮೊದಮೊದಲು ಬುಧ ಇರುವ ಜಾಗದಲ್ಲೂ ಅನಿಲವಿತ್ತು, ಗುರು ಇರುವ ಜಾಗದಲ್ಲೂ ಕಲ್ಲಿನ ಪುಡಿಯಿತ್ತು. ಪಾಲು ಮಾಡಿದ್ದು ಭಾರವಲ್ಲ. ಎಲ್ಲಿ ಎಷ್ಟು ಬಿಸಿಯಿತ್ತು, ಅನಿಲ ಎಷ್ಟು ಕಾಲ ಉಳಿದಿತ್ತು ಎಂಬ ಎರಡು ಸಂಗತಿಗಳು.

ಎಲ್ಲ ಶುರುವಾದದ್ದು ಒಂದು ಅನಿಲದ ಮೋಡದಿಂದ. ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1755ರಲ್ಲಿ, ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ 1796ರಲ್ಲಿ ಈ ಮಾತನ್ನು ಬೇರೆ ಬೇರೆಯಾಗಿ ಹೇಳಿದ್ದರು. ಅವರಿಗೆ ಸಿಕ್ಕಿದ್ದ ಸುಳಿವು ಸರಳವಾದದ್ದು: ಗ್ರಹಗಳೆಲ್ಲ ಒಂದೇ ದಿಕ್ಕಿಗೆ, ಹೆಚ್ಚುಕಡಿಮೆ ಒಂದೇ ಸಮತಲದಲ್ಲಿ ಸುತ್ತುತ್ತವೆ. ನಮ್ಮ ಕಕ್ಷೆಗೆ ಹೋಲಿಸಿದರೆ ಅತಿ ಹೆಚ್ಚು ವಾಲಿರುವುದು ಬುಧನ ಕಕ್ಷೆ, ಅದೂ ಏಳು ಡಿಗ್ರಿಯಷ್ಟೇ. ಎಲ್ಲೆಲ್ಲಿಂದಲೋ ಬಂದು ಸೂರ್ಯನಿಗೆ ಸಿಕ್ಕಿಬಿದ್ದವಾಗಿದ್ದರೆ ಇಷ್ಟು ಶಿಸ್ತು ಇರುತ್ತಿರಲಿಲ್ಲ.

ಮೋಡ ತಟ್ಟೆಯಾದದ್ದು ಹೇಗೆ? ತನ್ನದೇ ಗುರುತ್ವದಿಂದ ಕುಸಿಯಲು ತೊಡಗಿದ ಮೋಡ ಒಳಗೆ ಬಂದಷ್ಟೂ ಜೋರಾಗಿ ತಿರುಗುತ್ತದೆ. ಮೊದಲು ಅದಕ್ಕಿದ್ದ ತಿರುಗಾಟ ಗಮನಕ್ಕೂ ಬಾರದಷ್ಟು ಕಡಿಮೆ, ಆದರೆ ಸಾವಿರಾರು ಪಟ್ಟು ಕುಗ್ಗಿದ ಮೇಲೆ ಅದೇ ದೊಡ್ಡದಾಗುತ್ತದೆ. ಇಲ್ಲಿ ನಡೆಯುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮೇಲಿನಿಂದ ಕೆಳಕ್ಕೆ ಬೀಳುವ ಅನಿಲಕ್ಕೆ ಕೆಳಗಿನಿಂದ ಮೇಲಕ್ಕೆ ಬರುವ ಅನಿಲ ಡಿಕ್ಕಿ ಹೊಡೆಯುತ್ತದೆ. ಎರಡರ ವೇಗವೂ ವಜಾ ಆಗಿ, ಶಕ್ತಿ ಶಾಖವಾಗಿ ಹೊರಗೆ ಹೋಗುತ್ತದೆ. ಅಲ್ಲಿಗೆ ಮೇಲೆ-ಕೆಳಗಿನ ಚಲನೆ ಮುಗಿಯಿತು. ಸುತ್ತುವ ಚಲನೆಯನ್ನು ಮಾತ್ರ ಹೀಗೆ ವಜಾ ಮಾಡಲು ಬರುವುದಿಲ್ಲ, ಯಾಕೆಂದರೆ ಅದು ಎಲ್ಲ ಕಡೆಯೂ ಒಂದೇ ದಿಕ್ಕಿಗಿದೆ. ಹೀಗಾಗಿ ಮೋಡ ಮೇಲಿನಿಂದ ಕೆಳಗಿನಿಂದ ಚಪ್ಪಟೆಯಾಗುತ್ತದೆ, ಅಡ್ಡಲಾಗಿ ಅಗಲವಾಗಿಯೇ ಉಳಿಯುತ್ತದೆ. ನಡುವೆ ಸೂರ್ಯ ಕೂಡಿಕೊಳ್ಳುತ್ತಾನೆ, ಸುತ್ತಲೂ ತಟ್ಟೆ ನಿಲ್ಲುತ್ತದೆ.

ಇದನ್ನು ಬಹುಕಾಲ ಲೆಕ್ಕದಲ್ಲಷ್ಟೇ ನಂಬಬೇಕಿತ್ತು. 2014ರಲ್ಲಿ ಕಣ್ಣಿಗೇ ಬಿತ್ತು. ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 5000 ಮೀಟರ್ ಎತ್ತರದಲ್ಲಿ, ಆಲ್ಮಾ ಎಂಬ ರೇಡಿಯೋ ದೂರದರ್ಶಕಗಳ ಸಮೂಹವಿದೆ. ಅದು ವೃಷಭ ರಾಶಿಯಲ್ಲಿ, ನಮ್ಮ ರೋಹಿಣಿ ನಕ್ಷತ್ರ ಕಾಣುವ ದಿಕ್ಕಿನಲ್ಲೇ ಆದರೆ ಅದಕ್ಕಿಂತ ಬಹಳ ಹಿಂದೆ, ಸುಮಾರು 450 ಜ್ಯೋತಿರ್ವರ್ಷ ದೂರದಲ್ಲಿರುವ ಎಚ್‌ಎಲ್ ಟೌ ಎಂಬ ಎಳೆಯ ನಕ್ಷತ್ರದ ಚಿತ್ರ ತೆಗೆಯಿತು. ನಡುವೆ ಹೊಳೆಯುವ ಚುಕ್ಕೆ, ಸುತ್ತ ಧೂಳಿನ ತಟ್ಟೆ, ತಟ್ಟೆಯ ತುಂಬ ಒಂದರೊಳಗೊಂದು ಉಂಗುರಗಳು, ಉಂಗುರಗಳ ನಡುವೆ ಕಪ್ಪು ಸಂದುಗಳು. ನಕ್ಷತ್ರದ ವಯಸ್ಸು ಹತ್ತು ಲಕ್ಷ ವರ್ಷದ ಆಸುಪಾಸು. ಇಷ್ಟು ಎಳೆಯ ತಟ್ಟೆಯಲ್ಲಿ ಇಷ್ಟೊಂದು ಕೆಲಸ ನಡೆದಿರುತ್ತದೆ ಎಂದು ಹೆಚ್ಚಿನವರು ಎಣಿಸಿರಲಿಲ್ಲ.

ಈಗ ತಟ್ಟೆಯೊಳಗೆ ಏನಿತ್ತು ಎಂದು ನೋಡೋಣ. ಅದರಿಂದ ಸಾವಿರ ಕಿಲೋ ತೂಗಿ ತೆಗೆದರೆ ಅದರಲ್ಲಿ ಸುಮಾರು 985 ಕಿಲೋ ಹೈಡ್ರೋಜನ್ ಮತ್ತು ಹೀಲಿಯಂ. ಕಲ್ಲು ಮತ್ತು ಲೋಹವಾಗಬಲ್ಲದ್ದು ಐದೇ ಕಿಲೋ. ನೀರು ಇನ್ನೊಂದು ಆರು ಕಿಲೋದಷ್ಟು. ಮೀಥೇನ್, ಅಮೋನಿಯಾದಂಥವು ಉಳಿದ ಮೂರು-ನಾಲ್ಕು ಕಿಲೋ. ಗ್ರಹ ಕಟ್ಟಲು ಮೊದಲು ಬೇಕಾದದ್ದು ಗಟ್ಟಿ ಪದಾರ್ಥ. ಅನಿಲ ತಾನಾಗಿ ಕಣಕ್ಕೆ ಕಣ ಅಂಟಿ ಉಂಡೆಯಾಗುವುದಿಲ್ಲ. ಆದ್ದರಿಂದ ಯಾವ ಜಾಗದಲ್ಲಿ ಈ ಹದಿನೈದು ಕಿಲೋದಲ್ಲಿ ಎಷ್ಟು ಗಟ್ಟಿಯಾಗಿತ್ತು ಎಂಬುದೇ ಪ್ರಶ್ನೆ.

ಸೂರ್ಯನ ಹತ್ತಿರ ತಟ್ಟೆ ಮೊದಲಲ್ಲಿ ಸಾವಿರ ಡಿಗ್ರಿಯಷ್ಟು ಕಾದಿತ್ತು. ಅಲ್ಲಿ ಗಟ್ಟಿಯಾಗಿ ನಿಲ್ಲಬಲ್ಲದ್ದು ಕಬ್ಬಿಣ, ನಿಕ್ಕೆಲ್, ಕಲ್ಲಿನ ಖನಿಜಗಳು ಮಾತ್ರ. ಹೊರಗೆ ಹೋದಂತೆ ಕಾವು ಇಳಿಯುತ್ತದೆ. ಒಂದು ದೂರದಲ್ಲಿ ನೀರಾವಿ ಹಿಮವಾಗುತ್ತದೆ. ಆ ಗಡಿಯೇ ಹಿಮರೇಖೆ. ಅದು ಸೊನ್ನೆ ಡಿಗ್ರಿಯಲ್ಲಿರುವುದಿಲ್ಲ ಎಂಬುದನ್ನು ಗಮನಿಸಬೇಕು. ತಟ್ಟೆಯಲ್ಲಿ ಒತ್ತಡ ತೀರ ಕಡಿಮೆ, ಅಲ್ಲಿ ದ್ರವರೂಪದ ನೀರು ನಿಲ್ಲುವುದೇ ಇಲ್ಲ. ಕರ್ಪೂರ ಕರಗದೆ ನೇರ ಆವಿಯಾಗುವ ಹಾಗೆ ಹಿಮವೂ ನೇರ ಆವಿಯಾಗುತ್ತದೆ, ಆವಿಯೂ ನೇರ ಹಿಮವಾಗುತ್ತದೆ. ಇದು ನಡೆಯುವುದು ಸುಮಾರು ಮೈನಸ್ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಮ್ಮ ಸೌರಮಂಡಲದಲ್ಲಿ ಈ ಗಡಿ ಭೂಮಿ-ಸೂರ್ಯ ದೂರದ ಸುಮಾರು ಮೂರು ಪಟ್ಟಿನಲ್ಲಿ, ಅಂದರೆ ಮಂಗಳ ಮತ್ತು ಗುರುವಿನ ನಡುವೆ, ಈಗಿನ ಕ್ಷುದ್ರಗ್ರಹಗಳ ಪಟ್ಟಿಯೊಳಗೆ ಇತ್ತೆಂದು ಲೆಕ್ಕ. ಆ ಪಟ್ಟಿಯ ಒಳಬದಿಯ ಕ್ಷುದ್ರಗ್ರಹಗಳಲ್ಲಿ ಹೆಚ್ಚಿನವು ಒಣಕಲ್ಲು. ಹೊರಬದಿಯಲ್ಲಿ ಇಂಗಾಲ, ನೀರಿನ ಅಂಶ ಇರುವ ಕಪ್ಪು ಬಂಡೆಗಳೇ ಜಾಸ್ತಿ.

ರೇಖೆ ಎಂದ ಮಾತ್ರಕ್ಕೆ ಅದು ಒಂದೇ ಕಡೆ ಗೆರೆ ಎಳೆದ ಹಾಗೆ ನಿಂತಿರಲಿಲ್ಲ. ಸೂರ್ಯ ಉರಿದಾಗ ಹೊರಕ್ಕೆ, ತಟ್ಟೆ ತಣ್ಣಗಾದಾಗ ಒಳಕ್ಕೆ ಜರುಗುತ್ತಿತ್ತು. ಇದಕ್ಕೂ ಕಣ್ಣಾರೆ ಕಂಡ ಸಾಕ್ಷಿಯಿದೆ. ವಿ883 ಒರಾಯನಿಸ್ ಎಂಬ ಎಳೆ ನಕ್ಷತ್ರ ಒಮ್ಮೆಲೇ ಭುಗಿಲೆದ್ದು ತನ್ನ ತಟ್ಟೆಯನ್ನು ಕಾಯಿಸಿತ್ತು. ಅದರ ಹಿಮರೇಖೆ ಭೂಮಿ-ಸೂರ್ಯ ದೂರದ 40 ಪಟ್ಟಿನವರೆಗೆ, ನಮ್ಮಲ್ಲಾದರೆ ಪ್ಲೂಟೊ ಇರುವ ದೂರಕ್ಕೆ, ತಳ್ಳಿಹೋಗಿದ್ದನ್ನು ಆಲ್ಮಾ ಬಳಸಿದ ತಂಡವೊಂದು 2016ರಲ್ಲಿ ಪ್ರಕಟಿಸಿತು. ಮಾಮೂಲಿ ಜಾಗದಲ್ಲಿದ್ದಿದ್ದರೆ ಅದು ಅಷ್ಟು ದೂರದಿಂದ ಕಾಣುತ್ತಲೇ ಇರಲಿಲ್ಲ.

ಸರಿ, ಹಿಮರೇಖೆ ದಾಟಿದ ಕೂಡಲೇ ಐದು ಕಿಲೋ ಗಟ್ಟಿ ಸರಕು ಹನ್ನೊಂದಾಗುತ್ತದೆ. ದುಪ್ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಇಷ್ಟರಿಂದಲೇ ಗುರುವಿನಂಥ ದೈತ್ಯ ಹುಟ್ಟಿಬಿಡುತ್ತಾನೆಯೇ ಎಂದು ಅನುಮಾನ ಬರುವುದು ಸಹಜ. ಇನ್ನೆರಡು ಅನುಕೂಲ ಅಲ್ಲಿತ್ತು. ಒಳಗಿನಿಂದ ಹೊರಕ್ಕೆ ಸೋರಿದ ನೀರಾವಿ ಗಡಿ ದಾಟಿದ ತಕ್ಷಣ ಅಲ್ಲೇ ಹೆಪ್ಪುಗಟ್ಟಿ ಶೇಖರವಾಗುತ್ತಿತ್ತು. ಜೊತೆಗೆ, ಸೂರ್ಯನಿಂದ ದೂರ ಹೋದಷ್ಟೂ ಸುತ್ತಳತೆ ದೊಡ್ಡದು, ಸೂರ್ಯನ ಹಿಡಿತ ಸಡಿಲ. ಆದ್ದರಿಂದ ಬೆಳೆಯುವ ಗ್ರಹವೊಂದು ತನ್ನ ಕಡೆಗೆ ಸೆಳೆದುಕೊಳ್ಳಬಲ್ಲ ಪಟ್ಟಿಯೂ ಅಗಲ.

ಆದರೆ ಧೂಳಿನಿಂದ ಗ್ರಹದವರೆಗಿನ ದಾರಿಯಲ್ಲಿ ಒಂದು ಕೆಟ್ಟ ಹಳ್ಳವಿದೆ. ಧೂಳಿನ ಕಣಗಳು ಮೆಲ್ಲಗೆ ಮುಟ್ಟಿ ಅಂಟಿಕೊಂಡು ಮಿಲಿಮೀಟರ್, ಸೆಂಟಿಮೀಟರ್ ಗಾತ್ರಕ್ಕೆ ಬೆಳೆಯುವುದನ್ನು ಪ್ರಯೋಗಾಲಯದಲ್ಲೂ ನೋಡಿದ್ದಾರೆ. ನೂರಾರು ಕಿಲೋಮೀಟರಿನ ಉಂಡೆಯಾದರೆ ಗುರುತ್ವವೇ ಮುಂದಿನ ಕೆಲಸ ನೋಡಿಕೊಳ್ಳುತ್ತದೆ. ತೊಂದರೆ ಇರುವುದು ನಡುವೆ, ಸುಮಾರು ಒಂದು ಮೀಟರ್ ಗಾತ್ರದಲ್ಲಿ. ತಟ್ಟೆಯ ಅನಿಲಕ್ಕೆ ಒಳಗಿನಿಂದ ಹೊರಕ್ಕೆ ಒತ್ತಡದ ಆಸರೆಯಿದೆ, ಹಾಗಾಗಿ ಅದು ಕಲ್ಲಿಗಿಂತ ಸ್ವಲ್ಪ ನಿಧಾನವಾಗಿ ಸುತ್ತುತ್ತದೆ. ಕಲ್ಲಿಗೆ ಈ ಆಸರೆಯಿಲ್ಲ, ಅದು ಪೂರ್ಣ ವೇಗದಲ್ಲೇ ಸುತ್ತಬೇಕು. ಪರಿಣಾಮವಾಗಿ ಕಲ್ಲಿಗೆ ಸದಾ ಎದುರುಗಾಳಿ, ಸೆಕೆಂಡಿಗೆ ಹತ್ತಾರು ಮೀಟರ್ ವೇಗದ್ದು. ಸಣ್ಣ ಧೂಳು ಗಾಳಿಯ ಜೊತೆಗೇ ಹೋಗುತ್ತದೆ, ಬೆಟ್ಟಕ್ಕೆ ಗಾಳಿ ಲೆಕ್ಕಕ್ಕಿಲ್ಲ. ಮೀಟರ್ ಗಾತ್ರದ ಬಂಡೆ ಮಾತ್ರ ವೇಗ ಕಳೆದುಕೊಂಡು, ಸುರುಳಿ ಸುತ್ತುತ್ತಾ, ನೂರಾರು ವರ್ಷಗಳೊಳಗೆ ಸೂರ್ಯನಿಗೆ ಬಿದ್ದುಹೋಗುತ್ತದೆ. ಖಗೋಳದ ಲೆಕ್ಕದಲ್ಲಿ ಇದು ಕಣ್ಣು ಮಿಟುಕಿಸುವಷ್ಟು ಹೊತ್ತೂ ಅಲ್ಲ. ಹಾಗಾದರೆ ಗ್ರಹಗಳು ಇರಲೇಬಾರದಿತ್ತು.

2005ರಲ್ಲಿ ಆಂಡ್ರೂ ಯೂಡಿನ್ ಮತ್ತು ಜೆರೆಮಿ ಗುಡ್‌ಮನ್ ಇದಕ್ಕೊಂದು ದಾರಿ ತೋರಿಸಿದರು. ಕಲ್ಲುಹರಳುಗಳು ಒಂದು ಕಡೆ ಸ್ವಲ್ಪ ದಟ್ಟವಾಗಿ ಸೇರಿದರೆ ಅವು ಸುತ್ತಲಿನ ಅನಿಲವನ್ನೂ ತಮ್ಮ ಜೊತೆಗೆ ಎಳೆದುಕೊಂಡು ಹೋಗುತ್ತವೆ. ಆಗ ಎದುರುಗಾಳಿ ಕಡಿಮೆಯಾಗುತ್ತದೆ, ಜಾರುವುದೂ ನಿಧಾನವಾಗುತ್ತದೆ. ಹಿಂದಿನಿಂದ ಜಾರಿ ಬಂದ ಹರಳುಗಳು ಅದೇ ಗುಂಪಿಗೆ ಸೇರುತ್ತವೆ, ಗುಂಪು ಇನ್ನೂ ದಟ್ಟವಾಗುತ್ತದೆ. ಕೊನೆಗೆ ಆ ಗುಂಪೇ ತನ್ನ ಗುರುತ್ವದಿಂದ ಒಮ್ಮೆಗೇ ಕುಸಿದು ನೂರು ಕಿಲೋಮೀಟರ್ ಅಳತೆಯ ಉಂಡೆಯಾಗುತ್ತದೆ. ಮೀಟರಿನ ಹಳ್ಳವನ್ನು ಇಳಿದು ಹತ್ತುವುದಲ್ಲ, ಹಾರಿಯೇ ದಾಟುವುದು.

ಇದು ನಿಜಕ್ಕೂ ಬೇಗ ನಡೆಯಿತು ಎಂಬುದಕ್ಕೆ ಒಂದು ಸಾಕ್ಷಿ ನಮ್ಮ ದೇಶದಲ್ಲೇ ಬಿದ್ದಿದೆ. 1996ರ ಜೂನ್‌ನಲ್ಲಿ ರಾಜಸ್ಥಾನದ ಪಿಪಲಿಯಾ ಕಲಾನ್ ಎಂಬ ಊರಿನಲ್ಲಿ ಉಲ್ಕಾಶಿಲೆ ಬಿತ್ತು. ಅದು ಸುಮ್ಮನೆ ಧೂಳು ಸೇರಿ ಆದ ಕಲ್ಲಲ್ಲ. ಜ್ವಾಲಾಮುಖಿಯ ಬಸಾಲ್ಟಿನ ಹಾಗೆ ಒಮ್ಮೆ ಕರಗಿ ಹೆಪ್ಪುಗಟ್ಟಿದ ಕಲ್ಲು. ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದ ಜಿ. ಶ್ರೀನಿವಾಸನ್, ಜೆ.ಎನ್. ಗೋಸ್ವಾಮಿ ಮತ್ತು ಎನ್. ಭಂಡಾರಿ ಅದನ್ನು ಪರೀಕ್ಷಿಸಿ 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಈ ಗೋಸ್ವಾಮಿಯವರೇ ಮುಂದೆ ಚಂದ್ರಯಾನ-1ರ ಪ್ರಧಾನ ವಿಜ್ಞಾನಿಯಾದವರು. ಕಲ್ಲಿನೊಳಗೆ ಅವರಿಗೆ ಸಿಕ್ಕಿದ್ದು ಅಲ್ಯುಮಿನಿಯಂ-26 ಒಂದು ಕಾಲದಲ್ಲಿ ಅಲ್ಲಿತ್ತು ಎಂಬ ಗುರುತು. ಈ ವಿಕಿರಣಶೀಲ ಅಲ್ಯುಮಿನಿಯಂ ಸುಮಾರು ಏಳು ಲಕ್ಷ ವರ್ಷಕ್ಕೆ ಅರ್ಧದಷ್ಟು ಕರಗಿ ಮೆಗ್ನೀಷಿಯಂ ಆಗುತ್ತದೆ. ಕೆಲವು ದಶಲಕ್ಷ ವರ್ಷ ಕಳೆದರೆ ಅಳೆಯಲು ಏನೂ ಉಳಿದಿರುವುದಿಲ್ಲ. ಅದು ಇನ್ನೂ ಇರುವಾಗಲೇ ಈ ಕಲ್ಲು ಹೆಪ್ಪುಗಟ್ಟಿತ್ತು ಎಂದರೆ, ಒಳಗೊಳಗೇ ಕಾದು ಕರಗುವಷ್ಟು ದೊಡ್ಡ ಕಾಯವೊಂದು ಅಷ್ಟರೊಳಗೆ ತಯಾರಾಗಿತ್ತು.

ಬೇಗ ಆಗಲೇಬೇಕಿತ್ತು ಕೂಡ, ಯಾಕೆಂದರೆ ಅನಿಲ ಕಾಯುವುದಿಲ್ಲ. ಬೇರೆ ಬೇರೆ ವಯಸ್ಸಿನ ನಕ್ಷತ್ರಗುಚ್ಛಗಳನ್ನು ನೋಡಿದರೆ, ಹತ್ತು ಲಕ್ಷ ವರ್ಷದವುಗಳಲ್ಲಿ ಹೆಚ್ಚಿನ ನಕ್ಷತ್ರಗಳಿಗೆ ತಟ್ಟೆ ಇದೆ. ಒಂದು ಕೋಟಿ ವರ್ಷದವುಗಳಲ್ಲಿ ಬಹುತೇಕ ಯಾವುದಕ್ಕೂ ಇಲ್ಲ. ಅನಿಲದ ಒಂದು ಪಾಲು ನಕ್ಷತ್ರಕ್ಕೇ ಬೀಳುತ್ತದೆ, ಉಳಿದದ್ದನ್ನು ನಕ್ಷತ್ರದ ಪ್ರಖರ ಕಿರಣಗಳು ಕಾಯಿಸಿ ಓಡಿಸುತ್ತವೆ. ಅಂದರೆ ದೈತ್ಯನಾಗಬೇಕೆಂಬ ಗ್ರಹಕ್ಕೆ ಸಿಗುವ ಗಡುವು ಕೆಲವೇ ದಶಲಕ್ಷ ವರ್ಷ.

ಗುರು ಈ ಗಡುವಿನೊಳಗೆ ಕೆಲಸ ಮುಗಿಸಿದವನು. ಹಿಮರೇಖೆಯ ಆಚೆ ಹೇರಳವಾಗಿದ್ದ ಹಿಮ ಮತ್ತು ಕಲ್ಲಿನಿಂದ ಭೂಮಿಯ ಸುಮಾರು ಹತ್ತು ಪಟ್ಟು ತೂಕದ ಗರ್ಭವೊಂದು ಮೊದಲು ಬೆಳೆಯಿತು. ಅಷ್ಟು ತೂಕದ ವಸ್ತು ತನ್ನ ಸುತ್ತಲಿನ ಹೈಡ್ರೋಜನ್ನನ್ನು ಹಿಡಿದಿಟ್ಟುಕೊಳ್ಳಬಲ್ಲದು. ಹಿಡಿದ ಅನಿಲ ಶಾಖ ಬಿಟ್ಟು ನಿಧಾನವಾಗಿ ಕುಗ್ಗುತ್ತದೆ, ತೆರವಾದ ಜಾಗಕ್ಕೆ ಇನ್ನಷ್ಟು ಅನಿಲ ಬರುತ್ತದೆ. ಸುತ್ತಿಕೊಂಡ ಅನಿಲದ ತೂಕ ಗರ್ಭದ ತೂಕದಷ್ಟೇ ಆಗುವವರೆಗೂ ಈ ವ್ಯವಹಾರ ಸಾವಧಾನದ್ದು. ಆಮೇಲೆ ಲಗಾಮು ತಪ್ಪುತ್ತದೆ. ಅನಿಲ ಹೆಚ್ಚಿದಂತೆ ಸೆಳೆತ ಹೆಚ್ಚು, ಸೆಳೆತ ಹೆಚ್ಚಿದಂತೆ ಅನಿಲ ಇನ್ನೂ ಹೆಚ್ಚು. ಗುರು ಹೀಗೆ 318 ಭೂಮಿಗಳ ತೂಕಕ್ಕೆ ಬೆಳೆದು ನಿಂತ. ಸ್ವಲ್ಪ ತಡವಾಗಿ ಹೊರಟ ಶನಿ 95ಕ್ಕೆ ನಿಂತಿತು. ಇನ್ನೂ ಆಚೆಯ ಯುರೇನಸ್, ನೆಪ್ಚೂನ್‌ಗಳ ಗರ್ಭ ತಯಾರಾಗುವ ಹೊತ್ತಿಗೆ ಪಂಕ್ತಿ ಏಳುತ್ತಿತ್ತು. ಅವುಗಳ ತೂಕ ಭೂಮಿಯ ಹದಿನಾಲ್ಕೂವರೆ ಮತ್ತು ಹದಿನೇಳು ಪಟ್ಟು, ಅದರಲ್ಲಿ ಹೈಡ್ರೋಜನ್-ಹೀಲಿಯಂನ ಪಾಲು ಸಣ್ಣದು. ಅವನ್ನು ಅನಿಲದೈತ್ಯ ಎನ್ನದೆ ಹಿಮದೈತ್ಯ ಎಂದು ಕರೆಯುವುದು ಇದಕ್ಕೇ.

ಒಳಗಿನವರ ಕಥೆ ಇದಕ್ಕೆ ತಿರುಗುಮುರುಗು. ಅಲ್ಲಿ ಅನಿಲ ಕಡಿಮೆಯೇನೂ ಇರಲಿಲ್ಲ, ಅದನ್ನು ಹಿಡಿಯುವಷ್ಟು ದೊಡ್ಡ ಗರ್ಭ ಇರಲಿಲ್ಲ. ಸಾವಿರಕ್ಕೆ ಐದು ಕಿಲೋದ ಬಡತನದಲ್ಲಿ, ಅನಿಲ ಮುಗಿಯುವ ಹೊತ್ತಿಗೆ, ಅಲ್ಲಿ ತಯಾರಾಗಿದ್ದದ್ದು ಹೆಚ್ಚೆಂದರೆ ಮಂಗಳದಷ್ಟು ದೊಡ್ಡ ಹಲವಾರು ಉಂಡೆಗಳು. ಮಂಗಳ ಭೂಮಿಯ ಹತ್ತನೇ ಒಂದರಷ್ಟೇ ತೂಗುತ್ತದೆ. ಅದರ ಉಲ್ಕಾಶಿಲೆಗಳ ಲೆಕ್ಕದ ಪ್ರಕಾರ ಅದು ಮೊದಲ ಕೆಲವೇ ದಶಲಕ್ಷ ವರ್ಷಗಳಲ್ಲಿ ಬೆಳೆದು ಅಲ್ಲಿಗೇ ನಿಂತುಬಿಟ್ಟ ಉಂಡೆ. ಉಳಿದವು ಒಂದಕ್ಕೊಂದು ಅಪ್ಪಳಿಸುತ್ತಾ ಹೋದವು. ಭೂಮಿ ಪೂರ್ತಿಯಾಗಲು ಮೂರರಿಂದ ಹತ್ತು ಕೋಟಿ ವರ್ಷ ಹಿಡಿಯಿತು. ಚಂದ್ರನನ್ನು ಕೊಟ್ಟದ್ದು ಇಂಥ ಕೊನೆಯ ಹೊಡೆತಗಳಲ್ಲೊಂದು. ಅಷ್ಟರಲ್ಲಿ ತಟ್ಟೆಯ ಅನಿಲ ಹೋಗಿ ಯುಗಗಳೇ ಆಗಿದ್ದವು.

ಗುರು ನಿಜವಾಗಿ ಅಷ್ಟು ಮುಂಚೆ ಹುಟ್ಟಿದ ಎಂದು ಹೇಗೆ ಗೊತ್ತು? ಅವನ ತುಣುಕು ಯಾರ ಕೈಯಲ್ಲೂ ಇಲ್ಲ. ಇಲ್ಲೂ ನೆರವಿಗೆ ಬಂದದ್ದು ಉಲ್ಕಾಶಿಲೆಗಳೇ. 1969ರ ಫೆಬ್ರುವರಿಯಲ್ಲಿ ಮೆಕ್ಸಿಕೋದ ಅಲೆಂದೆ ಎಂಬಲ್ಲಿ ಟನ್‌ಗಟ್ಟಲೆ ಕಲ್ಲು ಬಿತ್ತು. ಅದರ ಒಂದು ಹೋಳನ್ನು ನೋಡಿದರೆ ಕಡುಬೂದು ಕಲ್ಲಿನ ನಡುವೆ ಅಡ್ಡಾದಿಡ್ಡಿ ಆಕಾರದ ಬಿಳಿ ಮಚ್ಚೆಗಳು ಕಾಣುತ್ತವೆ. ಕೆಲವು ಸಾಸಿವೆಯಷ್ಟು, ಕೆಲವು ಬೆರಳ ತುದಿಯಷ್ಟು. ಕ್ಯಾಲ್ಸಿಯಂ, ಅಲ್ಯುಮಿನಿಯಂ ತುಂಬಿದ ಈ ಮಚ್ಚೆಗಳು ತಟ್ಟೆಯಲ್ಲಿ ಮೊಟ್ಟಮೊದಲು ಗಟ್ಟಿಯಾದ ವಸ್ತು. ಇಂಥವುಗಳ ವಯಸ್ಸು ಸುಮಾರು 456.7 ಕೋಟಿ ವರ್ಷ. ಸೌರಮಂಡಲದ ಗಡಿಯಾರ ಶುರುವಾಗುವುದೇ ಅಲ್ಲಿಂದ.

ಈ ಗಡಿಯಾರ ಹಿಡಿದು ಉಲ್ಕಾಶಿಲೆಗಳನ್ನೆಲ್ಲ ಅಳೆದಾಗ ಒಂದು ವಿಚಿತ್ರ ಕಂಡಿತು. ಕ್ರೋಮಿಯಂ, ಟೈಟಾನಿಯಂ, ಮಾಲಿಬ್ಡಿನಂನ ಐಸೊಟೋಪ್‌ಗಳ ಪ್ರಮಾಣ ನೋಡಿದರೆ ಅವೆಲ್ಲ ಎರಡು ಕುಲಗಳಾಗಿ ಒಡೆದಿವೆ, ನಡುವೆ ಬೆರಕೆಯೇ ಇಲ್ಲ. ಒಂದು ಕುಲ ಸೂರ್ಯನ ಹತ್ತಿರ ಹುಟ್ಟಿದ್ದು, ನಮ್ಮ ಪಿಪಲಿಯಾ ಕಲಾನ್ ಅದಕ್ಕೆ ಸೇರಿದೆ. ಇನ್ನೊಂದು ದೂರದಲ್ಲಿ ಹುಟ್ಟಿದ್ದು, ಅಲೆಂದೆ ಆ ಕಡೆಯದು. ಎರಡೂ ಒಂದೇ ಕಾಲದಲ್ಲಿ, ಲಕ್ಷಾಂತರ ವರ್ಷ ಅಕ್ಕಪಕ್ಕದಲ್ಲಿದ್ದರೂ ಬೆರೆಯಲಿಲ್ಲ ಎಂದರೆ ನಡುವೆ ತಡೆ ಇರಬೇಕು. ಥಾಮಸ್ ಕ್ರೂಯರ್ ಮತ್ತು ಸಂಗಡಿಗರು 2017ರಲ್ಲಿ ಆ ತಡೆ ಗುರುವೇ ಎಂದು ವಾದಿಸಿದರು. ಹತ್ತು ಲಕ್ಷ ವರ್ಷದೊಳಗೆ ಅವನ ಗರ್ಭ ಭೂಮಿಯ ಇಪ್ಪತ್ತು ಪಟ್ಟು ಬೆಳೆದು, ಹೊರಗಿನಿಂದ ಒಳಕ್ಕೆ ಜಾರುತ್ತಿದ್ದ ಹರಳುಗಳನ್ನು ತಡೆದು ನಿಲ್ಲಿಸಿತು ಎಂಬುದು ಅವರ ಲೆಕ್ಕ. ಗುರುವಿಲ್ಲದೆಯೂ ತಟ್ಟೆಯ ಒತ್ತಡದ ಏರೊಂದೇ ಈ ಕೆಲಸ ಮಾಡಿರಬಹುದು ಎನ್ನುವವರೂ ಇದ್ದಾರೆ. ವಾದ ಮುಗಿದಿಲ್ಲ, ಆದರೆ ತಡೆ ಇತ್ತೆಂಬುದನ್ನು ಕಲ್ಲುಗಳೇ ಹೇಳುತ್ತವೆ. ಒಳಗಿನ ಗ್ರಹಗಳು ಬಡವಾಗಿ ಉಳಿದದ್ದಕ್ಕೆ ಈ ತಡೆಯೂ ಒಂದು ಕಾರಣವಿರಬಹುದು.

ಇಷ್ಟೆಲ್ಲ ಹೇಳಿದ ಮೇಲೆ ಇದನ್ನು ಎಲ್ಲ ನಕ್ಷತ್ರಗಳಿಗೂ ಅನ್ವಯಿಸುವ ಕಾನೂನು ಎಂದುಕೊಳ್ಳಬಾರದು. 1995ರಲ್ಲಿ ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೋ ಸೂರ್ಯನಂಥದೇ ಇನ್ನೊಂದು ನಕ್ಷತ್ರದ ಸುತ್ತ ಮೊದಲ ಗ್ರಹ ಕಂಡುಹಿಡಿದಾಗ ಅದು ಗುರುವಿನ ಜಾತಿಯದೇ ಆಗಿತ್ತು, ಆದರೆ ನಾಲ್ಕು ದಿನ ಚಿಲ್ಲರೆಯಲ್ಲಿ ಒಂದು ಸುತ್ತು ಮುಗಿಸುವಷ್ಟು ಹತ್ತಿರದಲ್ಲಿತ್ತು. ಅಷ್ಟು ಬಿಸಿಯಲ್ಲಿ, ಅಷ್ಟು ಇಕ್ಕಟ್ಟಿನಲ್ಲಿ ಅಂಥ ಗರ್ಭ ಕೂಡಿಕೊಳ್ಳುವುದು ಕಷ್ಟ. ಹೆಚ್ಚಿನವರು ಒಪ್ಪುವ ವಿವರಣೆ ಎಂದರೆ ಅದು ದೂರದಲ್ಲಿ ಹುಟ್ಟಿ ಆಮೇಲೆ ಒಳಕ್ಕೆ ವಲಸೆ ಬಂದಿದೆ. ಗ್ರಹ ತಟ್ಟೆಯ ಅನಿಲವನ್ನು ಎಳೆಯುತ್ತದೆ, ಅನಿಲ ಗ್ರಹವನ್ನು ತಿರುಗಿ ಎಳೆಯುತ್ತದೆ. ಈ ಜಗ್ಗಾಟದಲ್ಲಿ ಕಕ್ಷೆ ಜರುಗುತ್ತದೆ.

ನಮ್ಮಲ್ಲೂ ಜರುಗಾಟ ನಡೆದಿದೆ. ನೆಪ್ಚೂನ್ ಈಗಿರುವಷ್ಟು ದೂರದಲ್ಲಿ ಸರಕು ಎಷ್ಟು ವಿರಳವೆಂದರೆ ಅದರ ಗರ್ಭ ಅಲ್ಲೇ ಬೆಳೆಯಲು ಗಡುವು ಸಾಲುತ್ತಿರಲಿಲ್ಲ. ಇದಕ್ಕೆ ಉತ್ತರದ ಮೊದಲ ಗಟ್ಟಿ ಎಳೆ ಸಿಕ್ಕಿದ್ದು ಪ್ಲೂಟೊದಿಂದ. ನೆಪ್ಚೂನ್ ಸೂರ್ಯನ ಸುತ್ತ ಮೂರು ಸುತ್ತು ಹಾಕುವಷ್ಟರಲ್ಲಿ ಪ್ಲೂಟೊ ಕರಾರುವಾಕ್ಕಾಗಿ ಎರಡು ಸುತ್ತು ಹಾಕುತ್ತದೆ. ಅದರ ಕಕ್ಷೆ ಉದ್ದುದ್ದಕ್ಕೆ ಎಳೆದ ಹಾಗಿದೆ, ಓರೆಯೂ ಆಗಿದೆ. ದೆಹಲಿ ಐಐಟಿಯಲ್ಲಿ ಓದಿ ಅಮೆರಿಕಕ್ಕೆ ಹೋದ ರೇಣು ಮಲ್ಹೋತ್ರಾ 1993ರಲ್ಲಿ ಇದನ್ನು ಹೀಗೆ ಬಿಡಿಸಿದರು: ನೆಪ್ಚೂನ್ ಸೂರ್ಯನಿಗೆ ಇನ್ನೂ ಹತ್ತಿರದಲ್ಲಿ ಹುಟ್ಟಿ, ಸುತ್ತ ಉಳಿದಿದ್ದ ಹಿಮದ ಉಂಡೆಗಳನ್ನು ಅತ್ತಿತ್ತ ಎಸೆಯುತ್ತಾ, ಆ ಎಸೆತದ ಪ್ರತಿಯೇಟಿಗೆ ತಾನೇ ಹೊರಕ್ಕೆ ಸರಿಯಿತು. ಸರಿಯುವಾಗ ದಾರಿಯಲ್ಲಿ ಸಿಕ್ಕ ಪ್ಲೂಟೊವನ್ನು ಮೂರಕ್ಕೆರಡರ ಲಯದಲ್ಲಿ ಸಿಕ್ಕಿಸಿಕೊಂಡು ಮುಂದೆ ತಳ್ಳುತ್ತಾ ಹೋಯಿತು. ಹಾಗಿದ್ದರೆ ಅದೇ ಲಯದಲ್ಲಿ ಸಿಕ್ಕಿಬಿದ್ದ ಬೇರೆ ಕಾಯಗಳೂ ಇರಬೇಕಲ್ಲವೇ? ಆಗಿನ್ನೂ ನೆಪ್ಚೂನಿನ ಆಚೆಯ ಕಾಯಗಳನ್ನು ಹುಡುಕಲು ಶುರು ಮಾಡಿದ್ದರಷ್ಟೆ. ಹುಡುಕಿದಂತೆ ಅಂಥವು ಒಂದರ ಹಿಂದೊಂದು ಸಿಕ್ಕವು. ಖಗೋಳಜ್ಞರು ಅವಕ್ಕೆ ಈಗ ಪ್ಲುಟಿನೊ ಎನ್ನುತ್ತಾರೆ.